ಮುಖದ ಸೀರಮ್ ಮತ್ತು ಸನ್‌ಸ್ಕ್ರೀನ್ ಕುತ್ತಿಗೆ, ಎದೆ, ಕೈಗಳಿಗೂ: ಎಷ್ಟು ಹೆಚ್ಚು ಬೇಕು, ಹೇಗೆ ಹಚ್ಚಬೇಕು?

ಮುಖಕ್ಕೆ ಹಚ್ಚುವ ಸೀರಮ್ ಮತ್ತು ಸನ್‌ಸ್ಕ್ರೀನನ್ನೇ ಕುತ್ತಿಗೆಗೂ ಕೈಗೂ ಹಚ್ಚಬಹುದೇ, ಹಚ್ಚುವುದಾದರೆ ಎಷ್ಟು ಹೆಚ್ಚು ತೆಗೆದುಕೊಳ್ಳಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಸನ್‌ಸ್ಕ್ರೀನನ್ನು ಯಾವ ಅಳುಕೂ ಇಲ್ಲದೆ ಹಚ್ಚಬಹುದು, ಹಚ್ಚಲೇಬೇಕು. ಸೀರಮ್ ವಿಷಯದಲ್ಲಿ ಮಾತ್ರ ಅದರೊಳಗೆ ಏನಿದೆ ಎಂಬುದನ್ನು ನೋಡಿ ನಿರ್ಧರಿಸಬೇಕು. ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು. ಮುಖಕ್ಕೆಂದು ತೆಗೆದುಕೊಂಡ ಸನ್‌ಸ್ಕ್ರೀನಿನಲ್ಲಿ ಕೈಗೆ ಅಂಟಿ ಉಳಿದದ್ದನ್ನು ಕುತ್ತಿಗೆಗೆ ಸವರಿ, ಅದರಲ್ಲೂ ಮಿಕ್ಕದ್ದನ್ನು ಕೈಗಳಿಗೆ ಒರೆಸಿಕೊಂಡು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಕುತ್ತಿಗೆ, ಉಡುಪಿನ ಕೊರಳಿನಿಂದ ಹೊರಗೆ ಕಾಣುವ ಎದೆ ಮತ್ತು ಎರಡೂ ಹಸ್ತಗಳ ಹಿಂಬದಿ, ಇವೆಲ್ಲವನ್ನೂ ಸೇರಿಸಿದರೆ ಆ ಜಾಗ ಮುಖಕ್ಕಿಂತ ದೊಡ್ಡದು. ಹಾಗಾಗಿ ಬೇಕಾಗುವುದು ಮುಖದ ಪ್ರಮಾಣದ ಮೇಲೆ ಒಂದು ಚೂರು ಹೆಚ್ಚಲ್ಲ, ಮುಖಕ್ಕೆ ಹಿಡಿಯುವುದರ ಎರಡೂವರೆ ಪಟ್ಟಿಗೂ ಮಿಕ್ಕಿದ ಒಟ್ಟು ಪ್ರಮಾಣ. ಈ ಲೆಕ್ಕ ಎಲ್ಲಿಂದ ಬಂತು, ಅದನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಬೇಕಾದ ಸಲಕರಣೆಗಳು ಹೆಚ್ಚೇನಿಲ್ಲ: ಒಂದು ಅಳತೆಪಟ್ಟಿ, ಅಳತೆಯ ಚಮಚಗಳು ಮತ್ತು ಸಾಧ್ಯವಿದ್ದರೆ ಅಡುಗೆಮನೆಯ ಸಣ್ಣ ತಕ್ಕಡಿ. ಸನ್‌ಸ್ಕ್ರೀನ್ 'ಬ್ರಾಡ್ ಸ್ಪೆಕ್ಟ್ರಮ್' ಎಂದು ಬರೆದಿರುವಂಥದ್ದಾಗಿರಲಿ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿರಲಿ. ಎಸ್‌ಪಿಎಫ್ ಎಂಬ ಅಂಕಿಯು ಮುಖ್ಯವಾಗಿ ಚರ್ಮವನ್ನು ಸುಟ್ಟು ಕೆಂಪಾಗಿಸುವ ಯುವಿಬಿ ಕಿರಣಗಳಿಂದ ಸಿಗುವ ರಕ್ಷಣೆಯ ಅಳತೆ. ಚರ್ಮದ ಆಳಕ್ಕಿಳಿದು ಸುಕ್ಕು, ಕಲೆಗಳಿಗೆ ಕಾರಣವಾಗುವ ಯುವಿಎ ಕಿರಣಗಳನ್ನೂ ತಡೆಯುತ್ತದೆ ಎಂಬುದನ್ನು ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತು ಸೂಚಿಸುತ್ತದೆ.

ಹಂತ 1: ನಿಮ್ಮ ಹಸ್ತವನ್ನೇ ಅಳತೆಯಾಗಿಸಿಕೊಳ್ಳಿ

ಬೆರಳುಗಳನ್ನು ಒಂದಕ್ಕೊಂದು ಜೋಡಿಸಿ, ಅಂಗೈಯನ್ನು ಚಪ್ಪಟೆಯಾಗಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗಿನ ಈ ಪೂರ್ತಿ ಜಾಗವನ್ನು ನಾವಿಲ್ಲಿ 'ಒಂದು ಹಸ್ತ' ಎಂದು ಕರೆಯೋಣ. ಇದು ಆ ವ್ಯಕ್ತಿಯ ಇಡೀ ಮೈಚರ್ಮದ ಸುಮಾರು ನೂರರಲ್ಲಿ ಒಂದು ಭಾಗ. ಸುಟ್ಟಗಾಯದ ವಿಸ್ತಾರವನ್ನು ಅಂದಾಜು ಮಾಡಲು ವೈದ್ಯರು ಬಹಳ ಕಾಲದಿಂದ ಬಳಸುತ್ತಿರುವ ಅಳತೆ ಇದೇ. ದೊಡ್ಡ ಮೈಕಟ್ಟಿನವರಿಗೆ ಹಸ್ತವೂ ದೊಡ್ಡದು, ಸಣ್ಣ ಮೈಕಟ್ಟಿನವರಿಗೆ ಹಸ್ತವೂ ಚಿಕ್ಕದು. ಆದ್ದರಿಂದ ಎಲ್ಲರಿಗೂ ಒಂದೇ ಅಂಕಿಯನ್ನು ಹೇಳುವುದಕ್ಕಿಂತ ಇದು ಹೆಚ್ಚು ನ್ಯಾಯವಾದದ್ದು.

ಈಗ ಕನ್ನಡಿಯ ಮುಂದೆ ನಿಂತು, ದಿನಾಲೂ ತೊಡುವ ಉಡುಪಿನಲ್ಲಿಯೇ, ಹೊರಗೆ ಕಾಣುವ ಜಾಗದ ಮೇಲೆ ಹಸ್ತವನ್ನು ಇಟ್ಟು ಎಣಿಸಿ. ಕಿವಿಗಳನ್ನೂ ಸೇರಿಸಿದ ಮುಖಕ್ಕೆ ಸುಮಾರು ಮೂರು ಹಸ್ತ ಬರುತ್ತದೆ. ಕುತ್ತಿಗೆಯ ಮುಂಭಾಗ ಮತ್ತು ಪಕ್ಕಗಳಿಗೆ ಒಂದು, ಹಿಂಭಾಗಕ್ಕೆ ಇನ್ನೊಂದು. ಕೂದಲನ್ನು ಇಳಿಬಿಟ್ಟು ಕತ್ತಿನ ಹಿಂಭಾಗ ಪೂರ್ತಿ ಮುಚ್ಚಿರುವವರು ಈ ಎರಡನೆಯದನ್ನು ಬಿಡಬಹುದು. ಕೂದಲನ್ನು ಎತ್ತಿ ಕಟ್ಟುವವರು ಮತ್ತು ಗಿಡ್ಡ ಕೂದಲಿನವರು ಬಿಡುವಂತಿಲ್ಲ. ಪ್ರತಿ ಹಸ್ತದ ಹಿಂಬದಿಯೂ ಸಹಜವಾಗಿಯೇ ಒಂದೊಂದು ಹಸ್ತ. ಎದೆಯ ಲೆಕ್ಕ ಮಾತ್ರ ಉಡುಪಿನ ಕೊರಳಿಗೆ ತಕ್ಕಂತೆ ಬದಲಾಗುತ್ತದೆ: ಗುಂಡು ಕೊರಳಿನ ಉಡುಪಿನಲ್ಲಿ ಅರ್ಧ ಹಸ್ತ, 'ವಿ' ಆಕಾರದ ಕೊರಳಿಗೆ ಒಂದು, ಭುಜದವರೆಗೆ ಅಗಲವಾಗಿ ತೆರೆದ ಕೊರಳಿಗೆ ಎರಡು ಅಥವಾ ಅದಕ್ಕಿಂತ ಹೆಚ್ಚು.

ಈ ಎಣಿಕೆಯನ್ನು ಒಂದು ಸಲ ಮಾಡಿ ಬರೆದಿಟ್ಟುಕೊಂಡರೆ ಸಾಕು.

ಹಂತ 2: ಹಸ್ತಗಳನ್ನು ಗ್ರಾಂಗೆ ತಿರುಗಿಸಿ

ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಸನ್‌ಸ್ಕ್ರೀನ್ ಹಚ್ಚುತ್ತಾರೆ. ಟ್ಯೂಬಿನ ಮೇಲೆ ಬರೆದಿರುವ 30 ಅಥವಾ 50 ಎಂಬ ಅಂಕಿ ನಿಜವಾಗುವುದು ಆ ದಪ್ಪದ ಪದರಕ್ಕೆ ಮಾತ್ರ. ಜನರು ನಿತ್ಯ ಹಚ್ಚುವುದು ಸಾಮಾನ್ಯವಾಗಿ ಇದರ ಕಾಲುಭಾಗದಿಂದ ಅರ್ಧದಷ್ಟು. ಪದರ ತೆಳುವಾದಂತೆ ರಕ್ಷಣೆಯೂ ಕುಗ್ಗುತ್ತದೆ. ಅರ್ಧ ಪ್ರಮಾಣ ಹಚ್ಚಿದರೆ ರಕ್ಷಣೆಯೂ ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಳ್ಳಬಹುದು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ನಿಮ್ಮ ಹಸ್ತದ ಉದ್ದ 18 ಸೆಂಟಿಮೀಟರ್, ಅಗಲ 8 ಸೆಂಟಿಮೀಟರ್ ಎಂದುಕೊಳ್ಳಿ. ಅಲ್ಲಿಗೆ ಒಂದು ಹಸ್ತದ ವಿಸ್ತೀರ್ಣ 144 ಚದರ ಸೆಂಟಿಮೀಟರ್. ಅದಕ್ಕೆ ಬೇಕಾಗುವ ಸನ್‌ಸ್ಕ್ರೀನ್ 288 ಮಿಲಿಗ್ರಾಂ, ಅಂದರೆ ಹತ್ತಿರ ಹತ್ತಿರ 0.3 ಗ್ರಾಂ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಉಳಿದದ್ದು ಬರಿಯ ಗುಣಾಕಾರ. ಮುಖದ ಮೂರು ಹಸ್ತಕ್ಕೆ 0.9 ಗ್ರಾಂ, ಸುತ್ತಲಿನ ಕುತ್ತಿಗೆಗೆ 0.6, 'ವಿ' ಕೊರಳಿನ ಎದೆಗೆ 0.3, ಎರಡು ಕೈಗಳ ಹಿಂಬದಿಗೆ 0.6. ಒಟ್ಟು ಎಂಟು ಹಸ್ತ, 2.4 ಗ್ರಾಂ. ಮುಖಕ್ಕಷ್ಟೇ 0.9 ಗ್ರಾಂ ಸಾಕಾಗುತ್ತಿದ್ದ ಕಡೆ ಇನ್ನೂ 1.5 ಗ್ರಾಂ ಸೇರಿಸಬೇಕಾಯಿತು.

ಅಳತೆಯ ಚಮಚದಲ್ಲಿ ಹೇಳುವುದಾದರೆ, ಒಂದು ಟೀ ಚಮಚದಲ್ಲಿ 5 ಮಿಲಿಲೀಟರ್ ಹಿಡಿಯುತ್ತದೆ. ಹೆಚ್ಚಿನ ಕ್ರೀಮುಗಳಲ್ಲಿ ಒಂದು ಮಿಲಿಲೀಟರ್ ಸರಿಸುಮಾರು ಒಂದು ಗ್ರಾಂ ತೂಗುವುದರಿಂದ, ಅರ್ಧ ಟೀ ಚಮಚ ಇಡೀ ಎಂಟು ಹಸ್ತಕ್ಕೆ ಸರಿಹೋಗುತ್ತದೆ. ಕಾಲು ಟೀ ಚಮಚ ಮುಖವೊಂದಕ್ಕೆ ಧಾರಾಳ. ಮೊದಲ ಒಂದೆರಡು ಸಲ ಚಮಚದಲ್ಲಿ ಅಳೆದು ಅಂಗೈಗೆ ಸುರಿದು ನೋಡಿ. ಆ ಗುಡ್ಡೆ ಎಷ್ಟು ದೊಡ್ಡದಿರುತ್ತದೆ ಎಂಬುದು ಕಣ್ಣಿಗೆ ಒಮ್ಮೆ ಹಿಡಿದರೆ ಆಮೇಲೆ ಚಮಚ ಬೇಕಾಗುವುದಿಲ್ಲ.

ಬೆರಳಿನ ಮೇಲೆ ಗೆರೆ ಎಳೆದು ಅಳೆಯುವ ಪದ್ಧತಿಯನ್ನೂ ನೀವು ಕೇಳಿರಬಹುದು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದ ಕ್ರೀಮನ್ನು ಚರ್ಮವೈದ್ಯರು 'ಫಿಂಗರ್‌ಟಿಪ್ ಯೂನಿಟ್' ಎನ್ನುತ್ತಾರೆ. ಅದು ಸುಮಾರು ಅರ್ಧ ಗ್ರಾಂ, ಎರಡು ಹಸ್ತಗಳಷ್ಟು ಜಾಗಕ್ಕೆ ಸಾಕು. ಆದರೆ ಇದು 5 ಮಿಲಿಮೀಟರ್ ಅಗಲದ ಮೂತಿಯಿರುವ ಟ್ಯೂಬಿಗೆ ಹೊಂದಿಸಿದ ಲೆಕ್ಕ. ಸನ್‌ಸ್ಕ್ರೀನ್ ಟ್ಯೂಬುಗಳ ಮೂತಿ ಅನೇಕ ವೇಳೆ ಇದಕ್ಕಿಂತ ಕಿರಿದಾಗಿರುತ್ತದೆ. ಹಾಗಿದ್ದಾಗ ಗೆರೆ ಅಷ್ಟೇ ಉದ್ದವಿದ್ದರೂ ಬರುವ ಕ್ರೀಮು ಕಡಿಮೆ. ಮೇಲಾಗಿ ಇದು ಔಷಧದ ಮುಲಾಮುಗಳಿಗಾಗಿ ರೂಪಿಸಿದ ಅಳತೆಯಾದ್ದರಿಂದ ಸನ್‌ಸ್ಕ್ರೀನಿಗೆ ಬೇಕಾದ ದಪ್ಪಕ್ಕಿಂತ ಸ್ವಲ್ಪ ಕಡಿಮೆಯೇ ಬೀಳುತ್ತದೆ. ನೀರಿನಂತೆ ಹರಿಯುವ ಸನ್‌ಸ್ಕ್ರೀನಿಗಂತೂ ಗೆರೆ ಎಳೆಯುವ ಮಾತೇ ಇಲ್ಲ. ಆದ್ದರಿಂದ ಚಮಚದ ಅಳತೆಯೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಹಂತ 3: ಸನ್‌ಸ್ಕ್ರೀನನ್ನು ಪಾಲು ಮಾಡಿ ಹಚ್ಚಿ

ಪೂರ್ತಿ ಪ್ರಮಾಣವನ್ನು ಒಟ್ಟಿಗೆ ಕೈಗೆ ಸುರಿದುಕೊಂಡು ಮುಖದಿಂದ ಆರಂಭಿಸಿದರೆ ಕೆಳಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಹಾಗಾಗಿ ಪ್ರತಿ ಭಾಗಕ್ಕೂ ಬೇರೆ ಬೇರೆಯಾಗಿ ಹಿಂಡಿಕೊಳ್ಳಿ. ಮೊದಲು ಮುಖ ಮತ್ತು ಕಿವಿ. ಅದು ಮುಗಿದ ಮೇಲೆ ಕುತ್ತಿಗೆಗೆಂದು ಹೊಸದಾಗಿ, ನಂತರ ಎದೆಗೆಂದು ಮತ್ತೆ ಹೊಸದಾಗಿ. ಕೈಗಳ ಸರದಿ ಕೊನೆಗೆ, ಅದನ್ನು ಮುಂದೆ ಪ್ರತ್ಯೇಕವಾಗಿ ವಿವರಿಸುತ್ತೇನೆ.

ಕುತ್ತಿಗೆಗೆ ಹಚ್ಚುವಾಗ ಗದ್ದವನ್ನು ಮೇಲೆತ್ತಿ ಹಿಡಿಯಿರಿ. ಕುತ್ತಿಗೆಯ ಅಡ್ಡಗೆರೆಗಳು ಆಗ ಬಿಚ್ಚಿಕೊಳ್ಳುತ್ತವೆ. ತಲೆ ತಗ್ಗಿಸಿ ಹಚ್ಚಿದರೆ ಗೆರೆಗಳೊಳಗೆ ಏನೂ ಇಳಿಯುವುದಿಲ್ಲ, ಅಂಚುಗಳಲ್ಲಿ ಮಾತ್ರ ಬಿಳಿ ಪಟ್ಟೆ ಕೂರುತ್ತದೆ. ಸಣ್ಣ ಸಣ್ಣ ಚುಕ್ಕೆಗಳನ್ನಿಟ್ಟು, ಉಜ್ಜದೆ ಹಗುರವಾಗಿ ಹರಡಿ. ಕೆಳಗಿನಿಂದ ಮೇಲಕ್ಕೇ ಸವರಬೇಕು, ಇಲ್ಲದಿದ್ದರೆ ಚರ್ಮ ಜೋತುಬೀಳುತ್ತದೆ ಎಂಬ ಮಾತಿಗೆ ಚಿಂತಿಸಬೇಕಾಗಿಲ್ಲ. ಸಮನಾಗಿ ಹರಡುವುದು ಮುಖ್ಯವೇ ಹೊರತು ದಿಕ್ಕಲ್ಲ. ಪ್ರತಿ ಭಾಗದ ಪಾಲನ್ನು ಎರಡು ಅರ್ಧಗಳಾಗಿ ಮಾಡಿ, ಮೊದಲರ್ಧ ಹರಡಿದ ಮೇಲೆ ಎರಡನೆಯದನ್ನು ಹಚ್ಚಿದರೆ ಮೊದಲ ಸಲ ಬಿಟ್ಟುಹೋದ ಜಾಗಗಳು ಎರಡನೆಯ ಸಲ ಮುಚ್ಚಿಕೊಳ್ಳುತ್ತವೆ.

ಬಿಟ್ಟುಹೋಗುವ ಜಾಗಗಳು ಬಹುತೇಕ ಎಲ್ಲರಲ್ಲೂ ಒಂದೇ: ಕಿವಿಯ ಕೆಳಗಿನಿಂದ ಭುಜದ ಕಡೆ ಇಳಿಯುವ ಕುತ್ತಿಗೆಯ ಪಕ್ಕಗಳು, ಕತ್ತಿನ ಹಿಂದೆ ಕೂದಲು ಆರಂಭವಾಗುವ ಅಂಚು, ಕೊರಳಮೂಳೆಯ ಮೇಲಿನ ಗುಳಿ. ಕುತ್ತಿಗೆಯ ಪಕ್ಕಗಳನ್ನು ಮರೆಯದಿರಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷ ಬಿಸಿಲು ತಾಗಿದ ಕುತ್ತಿಗೆಯನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ, ಎರಡೂ ಪಕ್ಕಗಳಲ್ಲಿ ಮತ್ತು ಎದೆಯ ಮೇಲೆ ಕೆಂಪು ಕಂದು ಬಣ್ಣದ ಜಾಲದಂಥ ಮಚ್ಚೆ ಹರಡಿರುತ್ತದೆ, ಗದ್ದದ ಕೆಳಗಿನ ನೆರಳು ಬೀಳುವ ಜಾಗ ಮಾತ್ರ ತನ್ನ ಮೂಲ ಬಣ್ಣದಲ್ಲೇ ಉಳಿದಿರುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ 'ಪಾಯ್ಕಿಲೋಡರ್ಮಾ ಆಫ್ ಸಿವಾಟ್' ಎಂಬ ಹೆಸರಿದೆ. ಬಿಸಿಲಿನ ಪಾತ್ರವನ್ನು ಆ ನೆರಳಿನ ಗಡಿಯೇ ತೋರಿಸಿಕೊಡುತ್ತದೆ.

ಎದೆಗೆ ಹಚ್ಚುವುದನ್ನು ಉಡುಪು ತೊಡುವ ಮೊದಲೇ ಮುಗಿಸಿ. ನಡೆಯುವಾಗ, ಬಗ್ಗುವಾಗ ಕೊರಳು ಅತ್ತಿತ್ತ ಸರಿಯುವುದರಿಂದ ಅಂಚಿಗಿಂತ ಎರಡು ಬೆರಳಿನಷ್ಟು ಒಳಗೂ ಹಚ್ಚಬೇಕು. ಹದಿನೈದು ನಿಮಿಷ ಒಣಗಲು ಬಿಟ್ಟು ಆಮೇಲೆ ಉಡುಪು ತೊಟ್ಟರೆ ಪದರ ಬಟ್ಟೆಗೆ ಅಂಟಿ ಹೋಗುವುದು ಕಡಿಮೆ. ಬಿಳಿ ಕಾಲರಿನ ಮೇಲೆ ತುಕ್ಕಿನಂಥ ಹಳದಿ ಕಲೆ ಏಳುತ್ತಿದ್ದರೆ, ಅದು ಅವೊಬೆಂಜೋನ್ ಎಂಬ ಯುವಿಎ ತಡೆಯುವ ಅಂಶವು ಒಗೆಯುವ ನೀರಿನಲ್ಲಿರುವ ಕಬ್ಬಿಣದೊಂದಿಗೆ ಸೇರಿ ಆಗುವ ಕಲೆ. ಕ್ಲೋರಿನ್ ಬ್ಲೀಚ್ ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕುತ್ತಿಗೆ ಮತ್ತು ಎದೆಗೆ ಆ ಅಂಶವಿಲ್ಲದ ಸನ್‌ಸ್ಕ್ರೀನ್ ಆರಿಸಿಕೊಳ್ಳುವುದೇ ಇದಕ್ಕೆ ಸರಿಯಾದ ಪರಿಹಾರ. ಬಣ್ಣ ಬೆರೆಸಿದ ಸನ್‌ಸ್ಕ್ರೀನೂ ಹಾಗೆಯೇ: ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಬಂಗು ಇರುವ ಮುಖಕ್ಕೆ ಒಳ್ಳೆಯದು, ಆದರೆ ಕಾಲರಿಗೆ ಬಳಿದುಕೊಳ್ಳುತ್ತದೆ. ಮುಖಕ್ಕೆ ಬಣ್ಣದ್ದು, ಕುತ್ತಿಗೆಯಿಂದ ಕೆಳಕ್ಕೆ ಬಣ್ಣವಿಲ್ಲದ್ದು ಎಂದು ಎರಡನ್ನಿಟ್ಟುಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ಮೈಗೆಂದು ಮಾರುವ ದೊಡ್ಡ ಬಾಟಲಿಯ ಸನ್‌ಸ್ಕ್ರೀನ್ ಕೂಡ ಬ್ರಾಡ್ ಸ್ಪೆಕ್ಟ್ರಮ್ ಆಗಿದ್ದು, ಎಸ್‌ಪಿಎಫ್ 30 ದಾಟಿದ್ದರೆ ಕುತ್ತಿಗೆಯಿಂದ ಕೆಳಕ್ಕೆ ಧಾರಾಳವಾಗಿ ಬಳಸಬಹುದು. ಮುಖದ್ದೇ ಬೇಕೆಂದು ಹಟ ಹಿಡಿದು ಜಿಪುಣತನದಿಂದ ಹಚ್ಚುವುದಕ್ಕಿಂತ ಅದು ಮೇಲು.

ಸುಗಂಧದ್ರವ್ಯವನ್ನು ಬಿಸಿಲಿಗೆ ಬೀಳುವ ಕುತ್ತಿಗೆಗೆ ಸಿಂಪಡಿಸಬೇಡಿ. ಬೆರ್ಗಮೋಟ್ ಎಣ್ಣೆಯಂಥ ಕೆಲವು ಅಂಶಗಳು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ, ದ್ರವ ಇಳಿದ ದಾರಿಯಲ್ಲೇ ಕಪ್ಪು ಗೆರೆ ಮೂಡಬಹುದು. ಅದು ಹೋಗಲು ತಿಂಗಳುಗಟ್ಟಲೆ ಬೇಕು. ಬಟ್ಟೆಗೆ ಸಿಂಪಡಿಸಿಕೊಂಡರೆ ಈ ತೊಂದರೆಯಿಲ್ಲ.

ಹಂತ 4: ಕೈಗಳ ಹಿಂಬದಿಗೆ ಕೊನೆಯಲ್ಲಿ, ಬೇರೆಯಾಗಿ

ಮುಖ, ಕುತ್ತಿಗೆ ಮುಗಿಸಿ ಜಿಗುಟಾದ ಕೈಗಳನ್ನು ಸೋಪಿನಿಂದ ತೊಳೆದುಬಿಟ್ಟರೆ ಕೈಗಳ ಹಿಂಬದಿಯಲ್ಲಿದ್ದ ಅಷ್ಟಿಷ್ಟೂ ಹೋಗುತ್ತದೆ. ಆದ್ದರಿಂದ ಕೈ ತೊಳೆದು ಒರೆಸಿಕೊಂಡ ಮೇಲೆಯೇ ಈ ಕೆಲಸ ಮಾಡಿ. ಎರಡೂ ಕೈಗಳಿಗೆ ಸೇರಿ ಬೇಕಾದ 0.6 ಗ್ರಾಮಿನಷ್ಟನ್ನು ಒಂದು ಕೈಯ ಹಿಂಬದಿಯ ಮೇಲೆ, ಅಂದರೆ ತೋರುಬೆರಳ ಮೊದಲ ಗೆಣ್ಣಿಗಿಂತ ತುಸು ಉದ್ದದ ಗೆರೆಯಷ್ಟು ಹಿಂಡಿ, ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ ಹರಡಿ. ಅಂಗೈ ಹೀಗೆ ಸ್ವಚ್ಛವಾಗಿ ಉಳಿಯುತ್ತದೆ, ಮುಟ್ಟಿದ್ದಕ್ಕೆಲ್ಲ ಕ್ರೀಮು ಅಂಟುವುದಿಲ್ಲ. ಆಮೇಲೆ ಬೆರಳ ತುದಿಗಳಿಂದ ಹೆಬ್ಬೆರಳಿನ ಬುಡ, ಬೆರಳುಗಳ ಸಂದು ಮತ್ತು ಮಣಿಕಟ್ಟಿನವರೆಗೂ ಎಳೆಯಿರಿ. ಉಂಗುರವಿದ್ದರೆ ತೆಗೆದು ಹಚ್ಚಿ.

ಕೈಗಳಿಗೆ ಬೆಳಿಗ್ಗೆ ಒಮ್ಮೆ ಹಚ್ಚಿದ್ದು ಇಡೀ ದಿನ ಉಳಿಯುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಪ್ರತಿ ಸಲ ತೊಳೆದಾಗಲೂ ಅದು ಹೋಗುತ್ತದೆ. ಕೈಗಳಿಗೆಂದೇ ಒಂದು ಚಿಕ್ಕ ಟ್ಯೂಬನ್ನು ಕೈಚೀಲದಲ್ಲಿಟ್ಟುಕೊಂಡು, ಹೊರಗೆ ಹೊರಡುವ ಮುನ್ನ ಹಚ್ಚಿಕೊಳ್ಳಿ. ಕಾರು ಓಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮುಂದಿನ ಗಾಜು ಹೆಚ್ಚಿನ ಯುವಿಎ ಕಿರಣಗಳನ್ನು ತಡೆಯುತ್ತದೆಯಾದರೂ ಪಕ್ಕದ ಕಿಟಕಿಯ ಸಾಮಾನ್ಯ ಗಾಜು ಅವುಗಳಲ್ಲಿ ಬಹಳಷ್ಟನ್ನು ಒಳಬಿಡುತ್ತದೆ. ಸ್ಟೀರಿಂಗ್ ಹಿಡಿದ ಕೈ, ಕಿಟಕಿಯ ಕಡೆಯ ಕುತ್ತಿಗೆ ಎರಡಕ್ಕೂ ಅದು ತಾಗುತ್ತಲೇ ಇರುತ್ತದೆ. ಬಯಲಿನಲ್ಲಿ ಇರುವ ದಿನ ಕುತ್ತಿಗೆ, ಎದೆ, ಕೈ ಮೂರಕ್ಕೂ ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು. ಆಗ ಮೇಲಿನ ಲೆಕ್ಕವನ್ನು ಹಚ್ಚುವ ಸಲಗಳಿಂದ ಗುಣಿಸಿಕೊಳ್ಳಿ.

ಹಂತ 5: ಯಾವ ಸೀರಮ್ ಕೆಳಗಿಳಿಯಬಹುದು?

ಸೀರಮ್ ಎಂದರೆ ಒಂದೋ ಎರಡೋ ಅಂಶಗಳು ಹೆಚ್ಚು ಸಾಂದ್ರವಾಗಿರುವ ತೆಳುವಾದ ದ್ರವ. ಅದನ್ನು ಕುತ್ತಿಗೆಗೆ ಇಳಿಸುವ ಮೊದಲು ಅಲ್ಲಿನ ಚರ್ಮದ ಸ್ವಭಾವವನ್ನು ತಿಳಿದಿರಬೇಕು. ಕುತ್ತಿಗೆ, ಎದೆ ಮತ್ತು ಕೈಗಳ ಹಿಂಬದಿಯಲ್ಲಿ ಎಣ್ಣೆಯ ಗ್ರಂಥಿಗಳು ಮುಖಕ್ಕಿಂತ ಕಡಿಮೆ. ಚರ್ಮ ಬೇಗ ಒಣಗುತ್ತದೆ, ಕೆರಳುತ್ತದೆ. ಚರ್ಮಕ್ಕೆ ಪೆಟ್ಟಾದಾಗ ಹೊಸ ಕೋಶಗಳು ಹೊರಡುವುದು ಈ ಗ್ರಂಥಿಗಳಿಂದ ಮತ್ತು ಕೂದಲ ಬುಡಗಳಿಂದ. ಅವು ವಿರಳವಾಗಿರುವುದರಿಂದ ಗಾಯ ಮಾಯುವುದೂ ನಿಧಾನ. ಕಂದು ಮೈಬಣ್ಣದವರಲ್ಲಿ ಹೀಗೆ ಕೆರಳಿದ ಜಾಗವೇ ಆಮೇಲೆ ಕಪ್ಪಾಗಿ ಉಳಿಯುತ್ತದೆ. ಕಲೆ ತೆಗೆಯಲು ಹೋಗಿ ಕಲೆ ಮಾಡಿಕೊಳ್ಳುವುದು ಹೀಗೆ.

ನಯಾಸಿನಮೈಡ್, ಹಯಾಲುರಾನಿಕ್ ಆಸಿಡ್, ಗ್ಲಿಸರಿನ್, ಪ್ಯಾಂಥೆನಾಲ್ ಇರುವ ಸೀರಮ್‌ಗಳನ್ನು ಮುಖಕ್ಕೆ ಹೊಂದಿಕೊಂಡಿದ್ದರೆ ಸಾಮಾನ್ಯವಾಗಿ ಕೆಳಗೂ ದಿನಾಲೂ ಬಳಸಬಹುದು. ವಿಟಮಿನ್ ಸಿ ಸೀರಮ್‌ಗಳಲ್ಲಿ ಶುದ್ಧ ಆಸ್ಕಾರ್ಬಿಕ್ ಆಸಿಡ್ ಇರುವಂಥವು ಆಮ್ಲೀಯವಾದ್ದರಿಂದ ಕುತ್ತಿಗೆಯಲ್ಲಿ ಚುರುಗುಟ್ಟಬಹುದು. ಎರಡು ದಿನಕ್ಕೊಮ್ಮೆ ಎಂದು ಆರಂಭಿಸಿ. ಅದು ಪೂರ್ತಿ ಒಣಗುವ ಮೊದಲು ತಿಳಿಬಣ್ಣದ ಉಡುಪು ತೊಡಬೇಡಿ, ಬಟ್ಟೆಯ ಮೇಲೆ ಕಂದು ಕಲೆ ಉಳಿಯುತ್ತದೆ.

ರೆಟಿನಾಲ್ ಮತ್ತು ಗ್ಲೈಕಾಲಿಕ್ ಆಸಿಡ್‌ನಂಥ ಸತ್ತ ಪದರ ಕಳಚುವ ಆಮ್ಲಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ರೆಟಿನಾಲ್ ಎಂಬುದು ವಿಟಮಿನ್ ಎ ಜಾತಿಯ ಅಂಶ, ಚರ್ಮದ ಕೋಶಗಳು ಹೊಸದಾಗುವ ವೇಗವನ್ನು ಹೆಚ್ಚಿಸುತ್ತದೆ. ಮುಖಕ್ಕೆ ದಿನಾ ರಾತ್ರಿ ಹಚ್ಚುವವರೂ ಕುತ್ತಿಗೆಗೆ ವಾರಕ್ಕೆ ಒಂದೇ ರಾತ್ರಿಯಿಂದ ಆರಂಭಿಸಬೇಕು. ಮೊದಲು ಸಾದಾ ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಲ್, ಮತ್ತೆ ಮಾಯಿಶ್ಚರೈಸರ್ ಎಂಬ ಕ್ರಮದಲ್ಲಿ ಹಚ್ಚಿದರೆ ಉರಿ ತಗ್ಗುತ್ತದೆ. ಮೂರು ನಾಲ್ಕು ವಾರ ಏನೂ ತೊಂದರೆಯಾಗದಿದ್ದರೆ ವಾರಕ್ಕೆ ಎರಡು ರಾತ್ರಿಗೆ ಹೆಚ್ಚಿಸಿ. ರೆಟಿನಾಲ್ ಹಚ್ಚಿದ ರಾತ್ರಿ ಅದೇ ಜಾಗಕ್ಕೆ ಆಮ್ಲದ ಸೀರಮ್ ಬೇಡ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ರೆಟಿನಾಲ್ ಬಳಸಬಾರದು. ವೈದ್ಯರು ಬರೆದುಕೊಟ್ಟ ಟ್ರೆಟಿನಾಯಿನ್‌ನಂಥ ಔಷಧವನ್ನು ಅವರನ್ನು ಕೇಳದೆ ಮುಖದಿಂದ ಕುತ್ತಿಗೆಗೆ ವಿಸ್ತರಿಸಬೇಡಿ.

ಹೊಸದು ಯಾವುದೇ ಇರಲಿ, ಮೊದಲು ಕಿವಿಯ ಕೆಳಗೆ ಕುತ್ತಿಗೆಯ ಪಕ್ಕದಲ್ಲಿ ನಾಣ್ಯದಷ್ಟು ಜಾಗಕ್ಕೆ ಒಂದು ವಾರ ಹಚ್ಚಿ ನೋಡಿ. ಹಚ್ಚಿದಾಗ ಒಂದೆರಡು ನಿಮಿಷ ಚುರುಗುಟ್ಟಿ ತಣ್ಣಗಾದರೆ ಅದು ಸಹಜ. ಮರುದಿನ ಬೆಳಿಗ್ಗೆಯೂ ಕೆಂಪಿದ್ದರೆ, ಕುತ್ತಿಗೆಯ ಗೆರೆಗಳಲ್ಲಿ ಸಣ್ಣ ಹೊಟ್ಟು ಎದ್ದರೆ, ಬೆವರು ತಾಗಿದಾಗ ಉರಿದರೆ ಚರ್ಮ ಕೆರಳಿದೆ ಎಂದರ್ಥ. ಆಗ ಎಲ್ಲವನ್ನೂ ನಿಲ್ಲಿಸಿ, ಚರ್ಮ ಪೂರ್ತಿ ಶಾಂತವಾಗುವವರೆಗೆ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಮಾತ್ರ ಬಳಸಿ. ತುರಿಕೆಯೊಂದಿಗೆ ಗುಳ್ಳೆಗಳು ಎದ್ದರೆ ಅದು ಅಲರ್ಜಿ ಇರಬಹುದು, ಆ ವಸ್ತುವನ್ನು ಮತ್ತೆ ಹಚ್ಚಿ ಪರೀಕ್ಷಿಸಬೇಡಿ.

ಹಂತ 6: ಸೀರಮ್ ಎಷ್ಟು?

ಸೀರಮಿಗೆ ಸನ್‌ಸ್ಕ್ರೀನಿನಂತೆ ಚದರ ಸೆಂಟಿಮೀಟರಿಗೆ ಇಷ್ಟು ಎಂಬ ಕಟ್ಟಳೆಯಿಲ್ಲ. ಮುಖಕ್ಕೆ ಹಾಕಿಕೊಳ್ಳುವ ಹನಿಗಳನ್ನು ಹಸ್ತದ ಲೆಕ್ಕದಲ್ಲಿ ಹಿಗ್ಗಿಸಿಕೊಂಡರೆ ಸಾಕು. ಮುಖದ ಮೂರು ಹಸ್ತಕ್ಕೆ ನಾಲ್ಕು ಹನಿ ಹಿಡಿಯುತ್ತಿದ್ದರೆ ಕುತ್ತಿಗೆಯ ಎರಡು ಹಸ್ತಕ್ಕೆ ಮೂರು ಹನಿ, ಎದೆಗೆ ಒಂದು ಹನಿ, ಕೈಗಳಿಗೆ ಮೂರು. ಸನ್‌ಸ್ಕ್ರೀನಿಗೆ ಹೋಲಿಸಿದರೆ ಇಲ್ಲಿ ಹೆಚ್ಚು ಕಡಿಮೆಯಾದರೂ ನಷ್ಟವಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚು ಹಾಕಿದರೆ ಲಾಭವೂ ಇಲ್ಲ, ರೆಟಿನಾಲ್ ಮತ್ತು ಆಮ್ಲಗಳಲ್ಲಿ ಹಾನಿಯೇ ಹೆಚ್ಚು. ಹಾಗಾಗಿ ಖಾರವಾದ ಸೀರಮ್‌ಗಳಿಗೆ ಮಾತ್ರ ಪ್ರಮಾಣವನ್ನು ಈ ಲೆಕ್ಕಕ್ಕಿಂತ ಒಂದು ಹನಿ ಕಡಿಮೆಯೇ ಇಡಿ.

ಎಷ್ಟು ದಿನ ಬರುತ್ತದೆ ಎಂಬುದಕ್ಕೆ, ನೀರಿನಂಥ ದ್ರವದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಹಿಡಿಯಬಹುದು. ದಪ್ಪ ಸೀರಮ್‌ಗಳಲ್ಲಿ ಹನಿಯ ಗಾತ್ರ ಬೇರೆಯಾಗಿರಬಹುದು. ಡ್ರಾಪರ್ ಮೇಲೆ ಅಳತೆಯ ಗೆರೆಯಿದ್ದರೆ ಒಂದು ಮಿಲಿಲೀಟರಿಗೆ ಎಷ್ಟು ಹನಿ ಎಂದು ನೀವೇ ಎಣಿಸಬಹುದು. ಆ ಲೆಕ್ಕದಲ್ಲಿ 30 ಮಿಲಿಲೀಟರಿನ ಬಾಟಲಿಯಲ್ಲಿ 600 ಹನಿ. ದಿನಕ್ಕೊಮ್ಮೆ ಮುಖಕ್ಕೆ ಮಾತ್ರವಾದರೆ 150 ದಿನ, ಹನ್ನೊಂದು ಹನಿಯ ಪೂರ್ತಿ ಲೆಕ್ಕದಲ್ಲಿ 54 ದಿನ. ತೆರೆದ ಮೇಲೆ ಗಾಳಿ ತಾಗಿ ಕಂದಾಗುತ್ತ ಹೋಗುವ ವಿಟಮಿನ್ ಸಿ ಸೀರಮಿಗೆ ಇದು ಅನುಕೂಲವೇ, ಕೆಡುವ ಮೊದಲೇ ಮುಗಿಯುತ್ತದೆ.

ಕೈಗಳಿಗೆ ಬೆಳಗಿನ ಹೊತ್ತು ಸೀರಮ್ ಹಚ್ಚುವುದರಲ್ಲಿ ನನಗೆ ಹೆಚ್ಚು ಅರ್ಥ ಕಾಣುವುದಿಲ್ಲ, ಮೊದಲ ಸಲ ಕೈ ತೊಳೆದಾಗಲೇ ಅದು ಹೋಗುತ್ತದೆ. ಹಚ್ಚುವುದಿದ್ದರೆ ಮಲಗುವ ಮುನ್ನ ಹಚ್ಚಿ, ಮೇಲೆ ಗಟ್ಟಿಯಾದ ಕೈ ಕ್ರೀಮು ಸವರಿ. ರೆಟಿನಾಲ್ ಆದರೆ ಕೈಗಳ ಹಿಂಬದಿಗಳನ್ನು ಒಂದಕ್ಕೊಂದು ತಿಕ್ಕಿಯೇ ಹರಡಿ, ನಂತರ ಬೆರಳ ತುದಿಗಳನ್ನು ತೊಳೆಯಿರಿ. ನಿದ್ದೆಯಲ್ಲಿ ಕಣ್ಣುಜ್ಜಿಕೊಂಡು ರೆಪ್ಪೆ ಉರಿಯುವುದಕ್ಕೆ ಬೆರಳಲ್ಲಿ ಉಳಿದ ರೆಟಿನಾಲ್ ಕಾರಣವಾಗಬಹುದು. ಬೆಳಿಗ್ಗೆ ಮುಖಕ್ಕೆ ಸೀರಮ್, ಅದು ಒಣಗಿದ ಮೇಲೆ ಸನ್‌ಸ್ಕ್ರೀನ್ ಎಂಬ ಕ್ರಮವೇ ಕುತ್ತಿಗೆಗೂ. ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಚ್ಚಿದರೆ ಸನ್‌ಸ್ಕ್ರೀನ್ ತೆಳುವಾಗಿ ಅದರ ಪದರ ಒಡೆಯುತ್ತದೆ.

ಹಂತ 7: ನಿಜವಾಗಿ ಎಷ್ಟು ಹಚ್ಚುತ್ತಿದ್ದೀರಿ ಎಂದು ಪರೀಕ್ಷಿಸಿ

ಸಾಕಷ್ಟು ಹಚ್ಚುತ್ತಿದ್ದೇನೆ ಎಂಬ ಅನಿಸಿಕೆಯನ್ನು ನಂಬಬೇಡಿ, ಟ್ಯೂಬನ್ನು ತೂಗಿ. ವಾರದ ಆರಂಭದಲ್ಲಿ ಒಮ್ಮೆ, ಏಳು ದಿನದ ನಂತರ ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ವ್ಯತ್ಯಾಸವನ್ನು ನೋಡಿ. ಎಂಟು ಹಸ್ತಕ್ಕೆ ದಿನಕ್ಕೊಮ್ಮೆ ಸರಿಯಾಗಿ ಹಚ್ಚಿದ್ದರೆ ವಾರದಲ್ಲಿ ಸುಮಾರು 17 ಗ್ರಾಂ ಇಳಿದಿರಬೇಕು. ತಕ್ಕಡಿ ಇಲ್ಲದವರು ಟ್ಯೂಬಿನ ಮೇಲೆ ತೆರೆದ ದಿನಾಂಕ ಬರೆದಿಡಿ. 50 ಗ್ರಾಮಿನ ಟ್ಯೂಬು ಈ ಲೆಕ್ಕದಲ್ಲಿ ಮೂರು ವಾರದೊಳಗೆ ಮುಗಿಯುತ್ತದೆ. ಮುಖಕ್ಕೆ ಮಾತ್ರವಾಗಿದ್ದರೆ ಅದು 55 ದಿನ ಬರುತ್ತಿತ್ತು.

ಅದೇ ಟ್ಯೂಬು ಮುಖ, ಕುತ್ತಿಗೆ, ಎದೆ, ಕೈ ಎಲ್ಲಕ್ಕೂ ಬಳಸಿಯೂ ಎರಡು ತಿಂಗಳು ಬಂತು ಎನ್ನಿ. ದಿನಕ್ಕೆ 0.83 ಗ್ರಾಂ ಎಂಟು ಹಸ್ತಕ್ಕೆ ಹಂಚಿದೆ, ಒಂದು ಹಸ್ತಕ್ಕೆ 0.1 ಗ್ರಾಂ. ಇದು ಬೇಕಾದುದರ ಮೂರನೆಯ ಒಂದು ಭಾಗ. ಲೇಬಲ್ಲಿನ ಮೇಲೆ 50 ಎಂದಿದ್ದರೂ ಚರ್ಮಕ್ಕೆ ಸಿಕ್ಕಿದ ರಕ್ಷಣೆ 17ರ ಆಸುಪಾಸು. ಇದರಲ್ಲಿ ಮುಖವೂ ಸೇರಿದೆ ಎಂಬುದನ್ನು ಗಮನಿಸಿ: ಕುತ್ತಿಗೆಗೂ ಕೈಗೂ ಅಷ್ಟರಲ್ಲೇ ಹೊಂದಿಸಲು ಹೋದಾಗ ಮೊದಲು ಚೆನ್ನಾಗಿ ಹಚ್ಚುತ್ತಿದ್ದ ಮುಖದ ಪದರವೂ ತೆಳುವಾಗುತ್ತದೆ. ಅಷ್ಟೊಂದು ಸನ್‌ಸ್ಕ್ರೀನ್ ಬಳಸುವುದು ನಿಮಗೆ ಸಾಧ್ಯವಿಲ್ಲವೆಂದಾದರೆ ಹಚ್ಚಬೇಕಾದ ಹಸ್ತಗಳನ್ನು ಕಡಿಮೆ ಮಾಡಿ. ಕಾಲರನ್ನು ಮುಚ್ಚಿ, ಬಟ್ಟೆಯ ಸ್ಕಾರ್ಫ್ ಸುತ್ತಿ, ವಾಹನ ಓಡಿಸುವಾಗ ಕೈಗವಸು ತೊಡಿ. ದಟ್ಟ ನೇಯ್ಗೆಯ ಬಟ್ಟೆ ಮುಚ್ಚಿದ ಜಾಗಕ್ಕೆ ಸನ್‌ಸ್ಕ್ರೀನ್ ಬೇಕಿಲ್ಲ.

ಯಾವುದು ಇವುಗಳಿಂದ ಆಗದು

ಕಲೆ, ಒರಟುತನ ಮತ್ತು ಸಣ್ಣ ಸುಕ್ಕುಗಳ ಮೇಲೆ ರೆಟಿನಾಲ್ ಹಲವು ತಿಂಗಳಲ್ಲಿ ಸ್ವಲ್ಪ ಪರಿಣಾಮ ತೋರಬಹುದು. ಕುತ್ತಿಗೆಯ ಆಳವಾದ ಅಡ್ಡಗೆರೆಗಳು, ಮಾತನಾಡುವಾಗ ಎದ್ದು ಕಾಣುವ ಸ್ನಾಯುವಿನ ಉದ್ದ ಪಟ್ಟಿಗಳು, ಕೈಗಳ ಹಿಂಬದಿಯಲ್ಲಿ ಕೊಬ್ಬು ಕರಗಿ ಎದ್ದ ನರಗಳು ಯಾವ ಸೀರಮಿನಿಂದಲೂ ಮಾಯವಾಗುವುದಿಲ್ಲ.

ಕತ್ತಿನ ಹಿಂದೆ ಮತ್ತು ಪಕ್ಕಗಳಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನಂತೆ ಅನಿಸಿದರೆ ಅದು ಬಿಸಿಲಿನ ಕಪ್ಪೂ ಅಲ್ಲ, ಕೊಳೆಯೂ ಅಲ್ಲ. 'ಅಕ್ಯಾಂಥೋಸಿಸ್ ನಿಗ್ರಿಕಾನ್ಸ್' ಎಂಬ ಈ ಸ್ಥಿತಿ ಅನೇಕ ವೇಳೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ತಿಕ್ಕುವುದರಿಂದ, ಆಮ್ಲದ ಸೀರಮ್ ಹಚ್ಚುವುದರಿಂದ ಚರ್ಮ ಕೆರಳಿ ಅದು ಇನ್ನಷ್ಟು ಕಪ್ಪಾಗಬಹುದು. ವೈದ್ಯರಲ್ಲಿ ಹೋಗಿ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಕೈಯ ಹಿಂಬದಿಯಲ್ಲೋ ಎದೆಯಲ್ಲೋ ಮರಳು ಕಾಗದದಂತೆ ಒರಟಾಗಿ ಮತ್ತೆ ಮತ್ತೆ ಹೊಟ್ಟು ಕಟ್ಟುವ ಮಚ್ಚೆ, ವಾರಗಟ್ಟಲೆ ಮಾಯದ ಹುಣ್ಣು, ಆಕಾರ ಅಥವಾ ಬಣ್ಣ ಬದಲಿಸುತ್ತಿರುವ ಕರಿಮಚ್ಚೆ ಕಂಡರೆ ಅದರ ಮೇಲೆ ಯಾವ ಸೀರಮನ್ನೂ ಪ್ರಯೋಗಿಸದೆ ಚರ್ಮವೈದ್ಯರಿಗೆ ತೋರಿಸಿ.